ಎಪ್ಪತ್ತು ದಾಟಿದ ಮೇಲೂ ಏರುತ್ತಲೇ ಹೋದ ನಿಫ್ಟಿ

2020ರ ನವೆಂಬರ್ 10, ಮಂಗಳವಾರ. ಕೋವಿಡ್ ಲಸಿಕೆ ಪರಿಣಾಮಕಾರಿಯಾಗಿದೆ ಎಂದು ಫೈಝರ್ ಕಂಪನಿ ಹಿಂದಿನ ದಿನವಷ್ಟೇ ಪ್ರಕಟಿಸಿತ್ತು. ಷೇರುಪೇಟೆ ಸತತ ಏಳನೇ ದಿನ ಏರಿ, ನಿಫ್ಟಿ 12,631ರಲ್ಲಿ ನಿಂತಿತು. ಅದೇ ದಿನ ನಿಫ್ಟಿಯ ಆರ್‌ಎಸ್‌ಐ 70ರ ಗೆರೆ ದಾಟಿತು. ಚಾರ್ಟ್ ನೋಡಿ ವಹಿವಾಟು ನಡೆಸುವವರ ಭಾಷೆಯಲ್ಲಿ ಪೇಟೆ ‘ಓವರ್‌ಬಾಟ್’ ಆಯಿತು, ಅಂದರೆ ಖರೀದಿ ಅತಿಯಾಗಿದೆ, ಇನ್ನು ಇಳಿಯಬೇಕು. ಹೊಸದಾಗಿ ಪೇಟೆಗೆ ಬಂದವರಿಗೆ ಮೊದಲು ಸಿಗುವ ಪಾಠವೂ ಇದೇ: 70ರ ಮೇಲೆ ಮಾರು, 30ರ ಕೆಳಗೆ ಕೊಳ್ಳು.

ಆ ಪಾಠವನ್ನು ನಂಬಿ ಅಂದು ಮಾರಿದವರ ಕಣ್ಣೆದುರೇ ನಿಫ್ಟಿ ಮತ್ತೂ ಮೇಲೇರಿತು. ಡಿಸೆಂಬರ್ 18ರ ಹೊತ್ತಿಗೆ ಅದು 13,760 ಮುಟ್ಟಿತ್ತು. ಸುಮಾರು 1,130 ಅಂಶಗಳ, ಶೇಕಡಾ 9ರಷ್ಟು ಏರಿಕೆ. ಈ ಅವಧಿಯ 28 ವಹಿವಾಟಿನ ದಿನಗಳಲ್ಲಿ ಸುಮಾರು 20 ದಿನ ಆರ್‌ಎಸ್‌ಐ 70ರ ಮೇಲೆಯೇ ಇತ್ತು. ಹೀಗಾಗಲು ಸೂಚಕ ಕೆಟ್ಟಿರಲಿಲ್ಲ, ಅದರ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ಆರ್‌ಎಸ್‌ಐ ಏನನ್ನು ಅಳೆಯುತ್ತದೆ ಎಂಬುದನ್ನು ಅಂಕಿ ಹಿಡಿದು ನೋಡಿದರೆ ಇದರ ಕಾರಣ ಸ್ಪಷ್ಟವಾಗುತ್ತದೆ.

ಈ ಸೂಚಕವನ್ನು ರೂಪಿಸಿದವರು ಅಮೆರಿಕದ ಜೆ. ವೆಲ್ಸ್ ವೈಲ್ಡರ್. ಓದಿನಿಂದ ಮೆಕ್ಯಾನಿಕಲ್ ಎಂಜಿನಿಯರ್. 1978ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಆರ್‌ಎಸ್‌ಐ ಜೊತೆಗೆ, ಇಂದು ಎಲ್ಲ ಚಾರ್ಟ್ ತಂತ್ರಾಂಶಗಳಲ್ಲೂ ಸಿಗುವ ಇನ್ನೂ ಹಲವು ಸೂಚಕಗಳು ಮೊದಲ ಬಾರಿಗೆ ಕಾಣಿಸಿಕೊಂಡವು. ಆಗ ಮನೆಮನೆಗೂ ಕಂಪ್ಯೂಟರ್ ಇರಲಿಲ್ಲ. ಹಾಳೆಯ ಮೇಲೆ ಕಂಬಸಾಲು ಎಳೆದು, ಪ್ರತಿದಿನ ಸಂಜೆ ಒಂದು ಸಾಲು ತುಂಬಿಸಿದರೆ ಮುಗಿಯುವ ಹಾಗೆ ಲೆಕ್ಕ ಇರಬೇಕಿತ್ತು. ಆರ್‌ಎಸ್‌ಐ ಹಾಗೆಯೇ ಇದೆ.

ಮೊದಲು ಬೇಕಾದದ್ದು ದಿನದಂತ್ಯದ ಬೆಲೆಗಳು ಮಾತ್ರ. ಇಂದಿನ ಬೆಲೆಯಿಂದ ನಿನ್ನೆಯದನ್ನು ಕಳೆಯಬೇಕು. ಏರಿದ್ದರೆ ಆ ಅಂತರ ‘ಗಳಿಕೆ’ಯ ಕಂಬಕ್ಕೆ, ಇಳಿದಿದ್ದರೆ ‘ನಷ್ಟ’ದ ಕಂಬಕ್ಕೆ ಹೋಗುತ್ತದೆ, ಇನ್ನೊಂದು ಕಂಬದಲ್ಲಿ ಆ ದಿನ ಸೊನ್ನೆ. ಹೀಗೆ 14 ದಿನಗಳದ್ದು ಬರೆದು, ಎರಡೂ ಕಂಬಗಳನ್ನು ಬೇರೆಬೇರೆ ಕೂಡಿ, ಎರಡನ್ನೂ 14ರಿಂದ ಭಾಗಿಸಿದರೆ ಸರಾಸರಿ ಗಳಿಕೆ ಮತ್ತು ಸರಾಸರಿ ನಷ್ಟ ಸಿಗುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು ಆರ್‌ಎಸ್. ಅದನ್ನು ಸೊನ್ನೆಯಿಂದ ನೂರರೊಳಗೆ ತರುವ ಸೂತ್ರ ಇದು:

```
RSI = 100 - 100 / (1 + RS)
```

ಸೂತ್ರ ನೋಡಲು ಬಿಗಿಯಾಗಿದ್ದರೂ ಅರ್ಥ ಸರಳ. ಈ ದಿನಗಳಲ್ಲಿ ಬೆಲೆ ಮೇಲಕ್ಕೂ ಕೆಳಕ್ಕೂ ಒಟ್ಟು ಎಷ್ಟು ಓಡಾಡಿತೋ ಅದರಲ್ಲಿ ಮೇಲ್ಮುಖ ಓಟ ಶೇಕಡಾ ಎಷ್ಟು ಎಂಬುದೇ ಆರ್‌ಎಸ್‌ಐ. 50 ಎಂದರೆ ಏರಿಳಿತ ಸರಿಸಮ. 70 ಎಂದರೆ ಒಟ್ಟು ಓಡಾಟದ ನೂರರಲ್ಲಿ 70 ಪಾಲು ಮೇಲಕ್ಕೆ, 30 ಪಾಲು ಕೆಳಕ್ಕೆ.

2020ರ ಅಕ್ಟೋಬರ್ 13ರಿಂದ 30ರವರೆಗಿನ 14 ದಿನಗಳನ್ನು ತೆಗೆದುಕೊಳ್ಳೋಣ. ನಿಫ್ಟಿ ಏರಿದ ದಿನಗಳ ಗಳಿಕೆ ಒಟ್ಟು ಸುಮಾರು 453 ಅಂಶ, ಇಳಿದ ದಿನಗಳ ನಷ್ಟ ಸುಮಾರು 741 ಅಂಶ. ಸರಾಸರಿ ಗಳಿಕೆ 32.4, ಸರಾಸರಿ ನಷ್ಟ 53. ಆರ್‌ಎಸ್‌ಐ ಸುಮಾರು 38. ಅಂದರೆ ಓಟ ಶುರುವಾಗುವ ಮುನ್ನ ಪೇಟೆ ಸ್ವಲ್ಪ ಸೊರಗಿಯೇ ಇತ್ತು.

ಹದಿನೈದನೇ ದಿನದಿಂದ ಲೆಕ್ಕದ ವಿಧಾನ ಬದಲಾಗುತ್ತದೆ. ಪ್ರತಿದಿನವೂ 14 ದಿನಗಳನ್ನು ಹೊಸದಾಗಿ ಕೂಡುವ ಬದಲು ವೈಲ್ಡರ್ ಒಂದು ಉಪಾಯ ಮಾಡಿದರು: ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸಿ, ಇಂದಿನ ಅಂಕಿಯನ್ನು ಸೇರಿಸಿ, 14ರಿಂದ ಭಾಗಿಸುವುದು. ಹದಿನಾಲ್ಕು ಸೌಟು ಮಜ್ಜಿಗೆಯಿಂದ ಒಂದು ಸೌಟು ತೆಗೆದು, ಹೊಸದೊಂದು ಸೌಟು ಹುಯ್ದು ಕದಡಿದ ಹಾಗೆ. ಹಳೆಯದು ಪೂರ್ತಿ ಹೋಗುವುದಿಲ್ಲ, ದಿನದಿಂದ ದಿನಕ್ಕೆ ತೆಳುವಾಗುತ್ತದೆ ಅಷ್ಟೇ. ಆದ್ದರಿಂದಲೇ ಲೆಕ್ಕವನ್ನು ಎಲ್ಲಿಂದ ಶುರು ಮಾಡಿದರು ಎಂಬುದರ ಮೇಲೆ ಆರ್‌ಎಸ್‌ಐ ಒಂದಿಷ್ಟು ಬದಲಾಗುತ್ತದೆ. ಇಲ್ಲಿ ಕೊಟ್ಟಿರುವ ಅಂಕಿಗಳು ಅಕ್ಟೋಬರ್ 13ರಿಂದ ಆರಂಭಿಸಿದ ಲೆಕ್ಕದವು. ವರ್ಷಗಟ್ಟಲೆಯ ದತ್ತಾಂಶ ಇಟ್ಟುಕೊಂಡ ಚಾರ್ಟ್‌ನಲ್ಲಿ ತುಸು ಭಿನ್ನವಾಗಿ ಕಾಣಬಹುದು. ವ್ಯತ್ಯಾಸ ಕೆಲವೊಮ್ಮೆ ದೊಡ್ಡದೇ ಆಗುತ್ತದೆ. ನವೆಂಬರ್ 18ಕ್ಕೆ ಮುಗಿಯುವ 14 ದಿನಗಳನ್ನಷ್ಟೇ ಕೂಡಿ ಸರಾಸರಿ ತೆಗೆದವರಿಗೆ ಆರ್‌ಎಸ್‌ಐ 94 ಬರುತ್ತದೆ. ಅಕ್ಟೋಬರ್‌ನಿಂದ ಸಾಗಿಬಂದ ಲೆಕ್ಕದಲ್ಲಿ ಅದೇ ದಿನ ಅದು ಸುಮಾರು 76. ಎಕ್ಸೆಲ್‌ನಲ್ಲಿ ತಾವೇ ಲೆಕ್ಕ ಹಾಕಿ ‘ಆ್ಯಪ್‌ನ ಅಂಕಿಗೂ ನನ್ನದಕ್ಕೂ ತಾಳೆಯಾಗುತ್ತಿಲ್ಲ’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ: ಕೊನೆಯ ದಿನಕ್ಕೂ ಹಿಂದೆ ಕನಿಷ್ಠ ನೂರು ದಿನಗಳ ಬೆಲೆ ಲೆಕ್ಕದಲ್ಲಿ ಸೇರಿದೆಯೇ ಎಂದು.

ಈಗ ಓಟದೊಳಗೆ ಇಳಿಯೋಣ. ನವೆಂಬರ್‌ನ ಮೊದಲ ಏಳು ದಿನ ನಷ್ಟದ ಕಂಬದಲ್ಲಿ ಬರೀ ಸೊನ್ನೆ. ಸರಾಸರಿ ನಷ್ಟ 53ರಿಂದ 32ಕ್ಕೆ ಕರಗಿತು, ಸರಾಸರಿ ಗಳಿಕೆ 32ರಿಂದ 79ಕ್ಕೆ ಬೆಳೆಯಿತು. ಆರ್‌ಎಸ್‌ಐ 71 ಆಯಿತು. ಮುಂದಿನ ಆರು ವಾರದಲ್ಲಿ ನಡೆದದ್ದು ಇನ್ನೂ ಕುತೂಹಲಕರ. ಡಿಸೆಂಬರ್ 18ರಂದು ಸರಾಸರಿ ಗಳಿಕೆ 60ಕ್ಕೆ ಇಳಿದಿತ್ತು. ಏರಿಕೆಯ ವೇಗ ನಿಜಕ್ಕೂ ತಗ್ಗಿತ್ತು. ಆದರೂ ಆರ್‌ಎಸ್‌ಐ 80ಕ್ಕೆ ಏರಿತ್ತು, ಏಕೆಂದರೆ ಸರಾಸರಿ ನಷ್ಟ 15ಕ್ಕಿಂತ ಕೆಳಗೆ ಬಂದಿತ್ತು. ಮೇಲಕ್ಕೆ ಓಡುವ ಬಲ ಹೆಚ್ಚದಿದ್ದರೂ, ಕೆಳಕ್ಕೆ ಎಳೆಯುವವರು ಕಡಿಮೆಯಾದರೆ ಸಾಕು, ಈ ಅಂಕಿ ಮೇಲೇರುತ್ತದೆ. ಜೋರಾದ ಟ್ರೆಂಡ್‌ನಲ್ಲಿ ಆಗುವುದು ಅದೇ. ಆ ನವೆಂಬರ್‌ನಲ್ಲಿ ವಿದೇಶಿ ಹೂಡಿಕೆದಾರರು ಭಾರತದ ಷೇರುಗಳಿಗೆ ಸುಮಾರು 60 ಸಾವಿರ ಕೋಟಿ ರೂಪಾಯಿ ತಂದು ಸುರಿದಿದ್ದರು. ಬೆಲೆ ಚೂರು ಇಳಿದರೂ ಕೊಳ್ಳಲು ಯಾರಾದರೂ ಕಾಯುತ್ತಿದ್ದರು. ನಷ್ಟದ ಕಂಬ ತುಂಬುವುದಕ್ಕೆ ಅವಕಾಶವೇ ಇರಲಿಲ್ಲ.

ಸೂತ್ರದಲ್ಲಿ ಬಹಳ ಮಂದಿ ಗಮನಿಸದ ಇನ್ನೊಂದು ಸಂಗತಿಯಿದೆ. ಪೇಟೆ ಒಂದು ದಿನ ಏರದೆ ಇಳಿಯದೆ ನಿಂತಲ್ಲೇ ನಿಂತರೆ ಆರ್‌ಎಸ್‌ಐ ಎಷ್ಟು ಇಳಿಯಬೇಕು? ಸ್ವಲ್ಪವೂ ಇಳಿಯುವುದಿಲ್ಲ. ಎರಡೂ ಸರಾಸರಿಗಳು ಹದಿನಾಲ್ಕರಲ್ಲಿ ಹದಿಮೂರು ಪಾಲಿಗೆ ಒಟ್ಟಿಗೇ ಕುಗ್ಗುತ್ತವೆ, ಅವುಗಳ ಅನುಪಾತ ಇದ್ದ ಹಾಗೇ ಉಳಿಯುತ್ತದೆ. ವಾರವಿಡೀ ಬೆಲೆ ಕದಲದಿದ್ದರೂ 76 ಎಂಬುದು 76 ಆಗಿಯೇ ಇರುತ್ತದೆ. ಡಿಸೆಂಬರ್ 15ರಂದು ನಿಫ್ಟಿ ಏರಿದ್ದು ಬರೀ ಹತ್ತು ಅಂಶ. ಆ ಅಲ್ಪ ಏರಿಕೆಗೂ ಆರ್‌ಎಸ್‌ಐ ಕೂದಲೆಳೆಯಷ್ಟು ಮೇಲೆ ಹೋಯಿತು. ‘ಪೇಟೆ ಸುಸ್ತಾಗಿದೆ, ಸ್ವಲ್ಪ ವಿಶ್ರಾಂತಿ ಪಡೆದರೆ ಆರ್‌ಎಸ್‌ಐ ತಣ್ಣಗಾಗುತ್ತದೆ’ ಎಂಬ ಮಾತು ಟಿವಿ ಚರ್ಚೆಗಳಲ್ಲಿ ಕೇಳಿಬರುತ್ತದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಆರ್‌ಎಸ್‌ಐ ತಣ್ಣಗಾಗಲು ಬೆಲೆ ನಿಜವಾಗಿಯೂ ಇಳಿಯಲೇಬೇಕು.

ಅದೂ ಸಾಕಷ್ಟು ಇಳಿಯಬೇಕು. ಡಿಸೆಂಬರ್ 10ರಂದು ನಿಫ್ಟಿ 51 ಅಂಶ ಕಳೆದುಕೊಂಡಾಗ ಆರ್‌ಎಸ್‌ಐ 78ರಿಂದ 75ಕ್ಕೆ ಬಂದಿತು, ಅಷ್ಟೇ. ಡಿಸೆಂಬರ್ 18ರ 80ರ ಮಟ್ಟದಿಂದ ಒಂದೇ ದಿನದಲ್ಲಿ 70ಕ್ಕೆ ಇಳಿಯಲು ಸುಮಾರು 145 ಅಂಶಗಳ, ಅಂದರೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚಿನ ಕುಸಿತ ಬೇಕಿತ್ತು.

ಕುಸಿತ ಬಂದೇ ಬಂತು. ಡಿಸೆಂಬರ್ 21ರ ಸೋಮವಾರ, ಬ್ರಿಟನ್ನಿನಲ್ಲಿ ವೈರಸ್ಸಿನ ಹೊಸ ತಳಿ ಕಾಣಿಸಿಕೊಂಡ ಸುದ್ದಿಗೆ ಬೆದರಿದ ಪೇಟೆಯಲ್ಲಿ ನಿಫ್ಟಿ 432 ಅಂಶ ಬಿದ್ದು 13,328ಕ್ಕೆ ನಿಂತಿತು. ಆರ್‌ಎಸ್‌ಐ 80ರಿಂದ 56ಕ್ಕೆ ಜಾರಿತು. ‘ಓವರ್‌ಬಾಟ್ ಆಗಿದ್ದಕ್ಕೇ ಬಿತ್ತು’ ಎನ್ನುವುದು ಸುಲಭ. ಆದರೆ ನವೆಂಬರ್ 10ರಂದು 12,631ರಲ್ಲಿ ಮಾರಿದವರ ಕಡೆಯಿಂದ ನೋಡಬೇಕು: ಅಷ್ಟು ದೊಡ್ಡ ಕುಸಿತದ ಸಂಜೆಯೂ ಪೇಟೆ ಅವರ ಬೆಲೆಗಿಂತ ಸುಮಾರು 700 ಅಂಶ ಮೇಲಿತ್ತು. ಕೈಯಲ್ಲಿದ್ದ ಷೇರು ಮಾರಿದವರು ಲಾಭ ಬಿಟ್ಟುಕೊಟ್ಟರು, ಫ್ಯೂಚರ್ಸ್‌ನಲ್ಲಿ ಶಾರ್ಟ್ ಮಾಡಿದವರು ಕೈಯಿಂದ ಹಣ ತೆತ್ತರು. ಎರಡನೆಯವರ ಸ್ಥಿತಿ ಹೆಚ್ಚು ನೋವಿನದು, ಏಕೆಂದರೆ ಬೆಲೆ ಏರಿದಷ್ಟೂ ಅವರು ಪ್ರತಿದಿನ ನಷ್ಟ ತುಂಬಿಕೊಡಬೇಕಾಗುತ್ತದೆ.

ಇದೇ ತಪ್ಪು ತಲೆಕೆಳಗಾಗಿಯೂ ಆಗುತ್ತದೆ, ಆಗ ಪೆಟ್ಟು ಇನ್ನೂ ದೊಡ್ಡದು. ಅದೇ ವರ್ಷದ ಫೆಬ್ರುವರಿ 28ರಂದು ಕೋವಿಡ್ ಭೀತಿಗೆ ನಿಫ್ಟಿ 11,201ಕ್ಕೆ ಕುಸಿದಾಗ ಆರ್‌ಎಸ್‌ಐ 30ರ ಕೆಳಗಿತ್ತು. ‘ಓವರ್‌ಸೋಲ್ಡ್’ ಎಂದು ಅಂದು ಕೊಂಡವರು, ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಬಂದಾಗ ಮೂರನೇ ಒಂದು ಭಾಗದಷ್ಟು ಕಳೆದುಕೊಂಡಿದ್ದರು.

ಹಾಗಾದರೆ 70 ಮತ್ತು 30ರ ಗೆರೆಗಳಿಗೆ ಅರ್ಥವೇ ಇಲ್ಲವೆ? ಇದೆ, ಆದರೆ ಬೆಲೆ ಎರಡು ಮಟ್ಟಗಳ ನಡುವೆ ಅತ್ತಿತ್ತ ಹೊಯ್ದಾಡುವ ದಿನಗಳಲ್ಲಿ ಮಾತ್ರ. ಅಂಥ ಪೇಟೆಯಲ್ಲಿ ಪ್ರತಿ ಏರಿಕೆಯ ಹಿಂದೆಯೇ ಅಷ್ಟೇ ತೂಕದ ಇಳಿಕೆ ಬರುವುದರಿಂದ 70ರ ಆಚೆ ಹೆಚ್ಚು ಕಾಲ ನಿಲ್ಲುವುದು ಕಷ್ಟ. ಟ್ರೆಂಡ್ ಇರುವ ಪೇಟೆಗೆ ಬೇರೆಯೇ ಅಳತೆ ಬೇಕೆಂದು ಆಂಡ್ರ್ಯೂ ಕಾರ್ಡ್‌ವೆಲ್ ಎಂಬ ಅಮೆರಿಕನ್ ವಿಶ್ಲೇಷಕ ತೋರಿಸಿಕೊಟ್ಟರು. ಅವರ ಪ್ರಕಾರ ಏರುಮುಖದ ಪೇಟೆಯಲ್ಲಿ ಆರ್‌ಎಸ್‌ಐ ಸಾಮಾನ್ಯವಾಗಿ 40ರಿಂದ 80ರ ನಡುವೆ, ಇಳಿಮುಖದಲ್ಲಿ 20ರಿಂದ 60ರ ನಡುವೆ ಓಡಾಡುತ್ತದೆ. ಅಲ್ಲಿ ನೋಡಬೇಕಾದದ್ದು ಆರ್‌ಎಸ್‌ಐ ಎಷ್ಟು ಮೇಲೆ ಹೋಯಿತು ಎಂಬುದಕ್ಕಿಂತ, ಬೆಲೆ ಇಳಿದಾಗ ಅದು ಎಲ್ಲಿ ತಡೆದು ನಿಂತಿತು ಎಂಬುದನ್ನು. ಈ ವಲಯಗಳೂ ಅನುಭವದಿಂದ ಗುರುತಿಸಿದವು, ಸೂತ್ರದಿಂದ ಬಂದವಲ್ಲ. ಟ್ರೆಂಡ್ ತಿರುಗುವ ಹೊತ್ತಿನಲ್ಲಿ ಹಳೆಯ ವಲಯ ಮುರಿಯಿತೇ ಇಲ್ಲವೇ ಎಂಬುದು ಸ್ವಲ್ಪ ತಡವಾಗಿಯೇ ತಿಳಿಯುತ್ತದೆ.

ಆ ಅಳತೆಗೋಲಿನಿಂದ ನೋಡಿದರೆ ಡಿಸೆಂಬರ್ 21ರ ಕುಸಿತ ಬೇರೆಯೇ ಕಥೆ ಹೇಳುತ್ತದೆ. ಶೇಕಡಾ 3ಕ್ಕೂ ಹೆಚ್ಚು ಬಿದ್ದ ದಿನವೂ ಆರ್‌ಎಸ್‌ಐ 50ರ ಕೆಳಗೆ ಹೋಗಲಿಲ್ಲ, 40ರಿಂದಂತೂ ಬಹಳ ದೂರ ಉಳಿಯಿತು. ಮರುದಿನದಿಂದಲೇ ಖರೀದಿದಾರರು ಮರಳಿದರು. ಡಿಸೆಂಬರ್ 29ರಂದು ನಿಫ್ಟಿ 13,932ಕ್ಕೆ ತಲುಪಿದಾಗ ಆರ್‌ಎಸ್‌ಐ ಮತ್ತೆ 71ರಲ್ಲಿತ್ತು, ನವೆಂಬರ್ 10ರಂದು ಇದ್ದ ಅದೇ ಅಂಕಿ. ನಡುವೆ ಸೂಚ್ಯಂಕ 1,300 ಅಂಶ ಮೇಲೆ ಬಂದಿತ್ತು.