ನೀರಿನ ಮೀಟರನ್ನು ತೂಗಿ ಪರೀಕ್ಷಿಸುವುದು: ಒಂಬತ್ತನೆಯ ತರಗತಿಗೆ ಒಂದು ಪ್ರಾಯೋಗಿಕ ಪಾಠ

ಎಂ.ಕೆ. ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆ ನಡೆಸಿದಾಗ, ‘ಸಾಂದ್ರತೆ’ ಮತ್ತು ‘ತೇಲುವಿಕೆ’ಗಳನ್ನು ಕಲಿಸಲು ಒಂದು ಮನೆಬಳಕೆಯ ನೀರಿನ ಮೀಟರನ್ನು ಬಳಸಲು ನಾನು ಸೂಚಿಸಿದೆ. ಮೀಟರು ತೋರಿಸುವ ಲೀಟರು ನಿಜವೇ ಎಂಬುದು ಪಾಠದ ಮೂಲ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಅತ್ಯಂತ ನಂಬಿಕೆಯ ದಾರಿ ಎಂದರೆ ಮೀಟರಿನ ಮೂಲಕ ಹರಿದ ನೀರನ್ನೆಲ್ಲ ಒಂದು ಪೀಪಾಯಿಯಲ್ಲಿ ಹಿಡಿದು ತೂಗುವುದು. ಇದಕ್ಕೆ ತೂಕಮಾಪನ ವಿಧಾನ ಎನ್ನುತ್ತಾರೆ. ಪಾಠವನ್ನು ಮತ್ತೊಮ್ಮೆ ಮಾಡುವವರಿಗೆ ಅನುಕೂಲವಾಗಲೆಂದು ವಿವರಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಪೂರ್ವಜ್ಞಾನ

ಈ ಊರಿನ ಮಕ್ಕಳಿಗೆ ಪೀಠಿಕೆ ಹುಡುಕಬೇಕಾಗಿಲ್ಲ. ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವುದನ್ನು ಅವರು ನೋಡಿದ್ದಾರೆ. ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಕಾಟಾದ ಮೇಲೆ ತೂಗುತ್ತಾರೆ, ಇಳಿಸಿದ ಮೇಲೆ ಖಾಲಿ ಗಾಡಿಯನ್ನು ತೂಗುತ್ತಾರೆ, ವ್ಯತ್ಯಾಸವೇ ಕಬ್ಬಿನ ತೂಕ. ನಮ್ಮ ಪ್ರಯೋಗದಲ್ಲಿ ಕ್ರಮ ಮಾತ್ರ ಹಿಂದುಮುಂದು: ಮೊದಲು ಖಾಲಿ ಪೀಪಾಯಿ, ಆಮೇಲೆ ತುಂಬಿದ ಪೀಪಾಯಿ. ಗಾಡಿಯ ತೂಕ ಲೆಕ್ಕದಿಂದ ತಾನಾಗಿಯೇ ಕಳೆದುಹೋಗುತ್ತದೆ ಎಂಬುದು ಮಕ್ಕಳಿಗೆ ಆಗಲೇ ಗೊತ್ತಿರುತ್ತದೆ.

ಆದರೆ ಮೀಟರು ಕೊಡುವುದು ಗಾತ್ರ, ತಕ್ಕಡಿ ಕೊಡುವುದು ತೂಕ. ಒಂದರಿಂದ ಇನ್ನೊಂದಕ್ಕೆ ದಾಟಲು ಸಾಂದ್ರತೆ ಬೇಕೇ ಬೇಕು. ಕಲಿಕಾಂಶ ಹುಟ್ಟುವುದು ಇಲ್ಲಿಯೇ.

ಜೋಡಣೆ

ನಾವು ಬಳಸಿದ್ದು 15 ಮಿ.ಮೀ. ಮೀಟರು, 120 ಲೀಟರಿನ ಪ್ಲಾಸ್ಟಿಕ್ ಪೀಪಾಯಿ, 20 ಗ್ರಾಂವರೆಗೆ ತೋರಿಸುವ 150 ಕಿ.ಗ್ರಾಂ. ಎಲೆಕ್ಟ್ರಾನಿಕ್ ತಕ್ಕಡಿ ಮತ್ತು ಒಂದು ಉಷ್ಣತಾಮಾಪಕ. ನೀರು ಮಾಳಿಗೆಯ ಮೇಲಿನ ತೊಟ್ಟಿಯಿಂದ ಬರುತ್ತದೆ. ಮೀಟರಿನ ಆಚೆಗೆ ಒಂದು ನಲ್ಲಿ ಇರಬೇಕು, ನಲ್ಲಿಯಿಂದ ಪೀಪಾಯಿಯೊಳಗೆ ನೀರು ಬೀಳಬೇಕು. ನಲ್ಲಿಯು ಮೀಟರಿಗಿಂತ ಸ್ವಲ್ಪ ಎತ್ತರದಲ್ಲಿರಲಿ. ಆಗ ಮೀಟರು ಸದಾ ನೀರಿನಿಂದ ತುಂಬಿರುತ್ತದೆ. ಪೈಪಿನಲ್ಲಿ ಗಾಳಿ ಉಳಿದರೆ ಅದೂ ಮೀಟರಿನ ಚಕ್ರವನ್ನು ತಿರುಗಿಸುತ್ತದೆ, ಗಾಳಿಯೂ ನೀರೆಂದೇ ಲೆಕ್ಕವಾಗುತ್ತದೆ.

ತಕ್ಕಡಿಯನ್ನೇ ಮೊದಲು ಪರೀಕ್ಷಿಸಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 20 ಕಿ.ಗ್ರಾಂ. ತೂಕದ ಕಲ್ಲುಗಳನ್ನು ಅಂಗಡಿಯಿಂದ ತರಿಸಿ, ಒಂದರಿಂದ ಐದರವರೆಗೆ ಏರಿಸಿ ನೋಡಿದೆವು. ಶೂನ್ಯ ಸರಿಯಿದ್ದ ಮಾತ್ರಕ್ಕೆ 100 ಕಿ.ಗ್ರಾಂ. ಹತ್ತಿರವೂ ತಕ್ಕಡಿ ಸರಿಯಿರುತ್ತದೆ ಎನ್ನಲಾಗದು.

ಹಂತಗಳು

1. ನಲ್ಲಿ ತೆರೆದು ಕೆಲವು ನಿಮಿಷ ನೀರು ಹರಿಸಿ ಗಾಳಿಯನ್ನು ಹೊರದೂಡಿ. ನಲ್ಲಿ ಮುಚ್ಚಿ ಐದು ನಿಮಿಷ ಕಾಯಿರಿ. ಮೀಟರಿನ ಮುಳ್ಳು ಕದಲಿದರೆ ಎಲ್ಲೋ ಸೋರಿಕೆ ಇದೆ.

2. ಪೀಪಾಯಿಯನ್ನು ಒಮ್ಮೆ ತುಂಬಿ ಚೆಲ್ಲಿ, ಅರ್ಧ ನಿಮಿಷ ಬಗ್ಗಿಸಿ ಬಸಿಯಲು ಬಿಟ್ಟು, ಒದ್ದೆಯಾಗಿಯೇ ತೂಗಿ. ಒಳಮೈಗೆ ಅಂಟಿದ ನೀರು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಮೊದಲ ಸಲ ಒಣಗಿದ ಪೀಪಾಯಿ, ಮುಂದೆ ಒದ್ದೆ ಪೀಪಾಯಿ ಎಂದಾದರೆ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ.

3. ಮೀಟರಿನ ಅಂಕಿ ಬರೆದುಕೊಂಡು ನಲ್ಲಿಯನ್ನು ಬೇಗ ತೆರೆಯಿರಿ. ಬೇಕಾದಷ್ಟು ನೀರು ಬಂದ ಮೇಲೆ ಬೇಗ ಮುಚ್ಚಿ. ಅಲುಗಾಟ ನಿಂತ ಮೇಲೆ ಮೀಟರು ಮತ್ತು ತಕ್ಕಡಿ ಎರಡನ್ನೂ ಓದಿ. ನೀರು ಬೀಳುತ್ತಿರುವಾಗ ತಕ್ಕಡಿ ಓದಬಾರದು, ಏಕೆಂದರೆ ಬೀಳುವ ನೀರಿನ ಹೊಡೆತವೂ ಅದರಲ್ಲಿ ಸೇರಿರುತ್ತದೆ.

4. ನೀರಿನ ಉಷ್ಣತೆ ಅಳೆಯಿರಿ.

ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿದ್ದರೆ ಅದು ಪೀಪಾಯಿಯ ಅಂಚಿಗೆ ತಾಗಬಾರದು, ಅದರ ತುದಿ ನೀರಿನಲ್ಲಿ ಮುಳುಗಲೂಬಾರದು. ಇದನ್ನು ಮಕ್ಕಳಿಗೆ ಬರೀ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. ನೀರು ನಿಂತ ಮೇಲೆ 25 ಮಿ.ಮೀ. ದಪ್ಪದ ಪೈಪಿನ ತುದಿಯನ್ನು 20 ಸೆಂ.ಮೀ. ಮುಳುಗಿಸಿ, ಕೈಯಲ್ಲಿ ಹಿಡಿದೇ ಇರಿ. ಪೀಪಾಯಿಗೆ ಹನಿ ನೀರೂ ಸೇರದಿದ್ದರೂ ತಕ್ಕಡಿ ಸುಮಾರು 100 ಗ್ರಾಂ ಹೆಚ್ಚು ತೋರಿಸುತ್ತದೆ. (ನಲ್ಲಿ ಮುಚ್ಚಿದ್ದು ಪೈಪು ನೀರಿನಿಂದ ತುಂಬಿರಬೇಕು.) ನೀರು ಪೈಪನ್ನು ಮೇಲಕ್ಕೆ ತಳ್ಳುತ್ತದೆ, ಪೈಪು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತದೆ. ಆರ್ಕಿಮಿಡೀಸನ ತತ್ವ ತಕ್ಕಡಿಯ ಮೇಲೆಯೇ ಕಂಡಂತಾಯಿತು.

ಲೆಕ್ಕ

ಗಂಟೆಗೆ ಸುಮಾರು 1000 ಲೀಟರಿನ ಹರಿವಿನಲ್ಲಿ, ಆರು ನಿಮಿಷದ ಒಂದು ಓಟದ ಅಂಕಿಗಳು ಇವು. ಒದ್ದೆ ಪೀಪಾಯಿ 8.46 ಕಿ.ಗ್ರಾಂ., ತುಂಬಿದ ಪೀಪಾಯಿ 106.90 ಕಿ.ಗ್ರಾಂ., ನೀರು 98.44 ಕಿ.ಗ್ರಾಂ. ಮೀಟರು ತೋರಿಸಿದ್ದು 100.5 ಲೀಟರು. ನೀರಿನ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್.

ಒಂದು ಕಿಲೋ ಎಂದರೆ ಒಂದು ಲೀಟರು ಎಂದು ಮಕ್ಕಳು ತಕ್ಷಣ ಹೇಳುತ್ತಾರೆ. ಹಾಗೆ ಹಿಡಿದರೆ ಮೀಟರು 2.06 ಲೀಟರು ಹೆಚ್ಚು ತೋರಿಸಿದೆ, ದೋಷ ಶೇ. 2.1. ಈ ಬಗೆಯ ಮೀಟರುಗಳಿಗೆ ಭಾರತೀಯ ಮಾನಕ 779 ಈ ಹರಿವಿನಲ್ಲಿ ಒಪ್ಪುವ ಮಿತಿ ಶೇ. 2, ಹೆಚ್ಚಾಗಲಿ ಕಡಿಮೆಯಾಗಲಿ. ಅಂದರೆ ಮೀಟರು ಅನುತ್ತೀರ್ಣ. ತೀರ್ಪು ಕೊಡುವ ಮೊದಲು ಎರಡು ತಿದ್ದುಪಡಿಗಳನ್ನು ಮಾಡಬೇಕು.

ಮೊದಲನೆಯದು ಗಾಳಿಯ ತೇಲಿಸುವ ಬಲ. ಸುಮಾರು 99 ಲೀಟರು ನೀರು ಅಷ್ಟೇ ಗಾತ್ರದ ಗಾಳಿಯನ್ನು ಪಕ್ಕಕ್ಕೆ ಸರಿಸಿದೆ. ನಮ್ಮ ಕಡೆಯ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.1 ಕಿ.ಗ್ರಾಂ. ಎಂದು ಹಿಡಿದರೆ ಆ ಗಾಳಿಯ ತೂಕ 109 ಗ್ರಾಂ. ಅಷ್ಟು ಕಡಿಮೆ ತೂಗಿದಂತಾಯಿತು. ತಕ್ಕಡಿಯನ್ನು ಹೊಂದಿಸಿದ ಲೋಹದ ಕಲ್ಲುಗಳೂ ಸ್ವಲ್ಪ ಗಾಳಿಯನ್ನು ಸರಿಸಿರುತ್ತವೆ, ಅದು ಸುಮಾರು 14 ಗ್ರಾಂ. ಕೂಡಿಸಬೇಕಾದದ್ದು ವ್ಯತ್ಯಾಸ, 95 ಗ್ರಾಂ. ನೀರಿನ ನಿಜವಾದ ರಾಶಿ 98.535 ಕಿ.ಗ್ರಾಂ.

ಎರಡನೆಯದು ಸಾಂದ್ರತೆ. 27 ಡಿಗ್ರಿಯಲ್ಲಿ ಒಂದು ಲೀಟರು ನೀರು 0.9965 ಕಿ.ಗ್ರಾಂ. ಇರುತ್ತದೆ, ಪೂರ್ತಿ ಒಂದು ಕಿಲೋ ಅಲ್ಲ.

ಗಾತ್ರ = 98.535 ÷ 0.9965 = 98.88 ಲೀಟರು

ದೋಷ = (100.5 − 98.88) ÷ 98.88 × 100 = ಶೇ. +1.6

ಮೀಟರು ಮಿತಿಯೊಳಗೇ ಇದೆ. ತಿದ್ದುಪಡಿ ಮಾಡದಿದ್ದರೆ ಸರಿಯಾದ ಮೀಟರನ್ನು ತಿರಸ್ಕರಿಸುತ್ತಿದ್ದೆವು. ಓಟವನ್ನು ಮತ್ತೆರಡು ಸಲ ಮಾಡಿದಾಗ 1.7 ಮತ್ತು 1.6 ಬಂತು. ಮೂರೂ ಹೀಗೆ ಒಟ್ಟಿಗೆ ಬಂದರೆ ಅದು ಮೀಟರಿನ ಸ್ವಭಾವ. ಚದುರಿ ಬಂದರೆ ಗಾಳಿ, ಸೋರಿಕೆ ಅಥವಾ ಒದ್ದೆ-ಒಣ ಪೀಪಾಯಿಯ ಗೊಂದಲವನ್ನು ಹುಡುಕಬೇಕು.

ಒಂದೇ ಹರಿವು ಸಾಲದು

ಅದೇ ಮೀಟರನ್ನು ಗಂಟೆಗೆ 100 ಲೀಟರಿನ ಸಣ್ಣ ಹರಿವಿನಲ್ಲಿ ಓಡಿಸಿ ಸುಮಾರು 20 ಲೀಟರು ಹಿಡಿದೆವು. ನೀರು ತೂಗಿದ್ದು 19.90 ಕಿ.ಗ್ರಾಂ., ತಿದ್ದಿದ ಗಾತ್ರ 19.99 ಲೀಟರು, ಮೀಟರು ತೋರಿಸಿದ್ದು 19.4. ದೋಷ ಶೇ. −3. ಈ ಹರಿವಿನಲ್ಲಿ ಮಿತಿ ಶೇ. 5 ಆದ್ದರಿಂದ ಇದೂ ಉತ್ತೀರ್ಣವೇ. ಆದರೆ ದೋಷದ ಚಿಹ್ನೆ ಬದಲಾಯಿತು. ಹರಿವು ಸಣ್ಣದಾದಾಗ ಘರ್ಷಣೆಯನ್ನು ಗೆದ್ದು ಚಕ್ರ ತಿರುಗಿಸುವ ಬಲ ನೀರಿಗೆ ಸಾಲದಾಗುತ್ತದೆ, ಮೀಟರು ಹಿಂದೆ ಬೀಳುತ್ತದೆ. ಹೀಗಾಗಿ ‘ಈ ಮೀಟರಿನ ದೋಷ ಇಷ್ಟು’ ಎಂದು ಒಂದೇ ಅಂಕಿಯಲ್ಲಿ ಬರೆಯುವುದು ತಪ್ಪು. ಹರಿವು ಮತ್ತು ದೋಷಗಳ ನಕ್ಷೆ ಬರೆಸುವುದು ಸರಿ.

ನಮ್ಮ ವಿಧಾನದಲ್ಲಿ ನಲ್ಲಿ ತೆರೆಯುವ, ಮುಚ್ಚುವ ಕೆಲವು ಸೆಕೆಂಡು ಹರಿವು ಒಂದೇ ಸಮನಾಗಿರುವುದಿಲ್ಲ. ಆರು ನಿಮಿಷದ ಓಟದಲ್ಲಿ ಅದು ನಗಣ್ಯ, ಅರ್ಧ ನಿಮಿಷದ ಓಟದಲ್ಲಿ ಅಲ್ಲ. ದೊಡ್ಡ ಪ್ರಯೋಗಾಲಯಗಳು, ಉದಾಹರಣೆಗೆ ಪಾಲಕ್ಕಾಡಿನ ಫ್ಲೂಯಿಡ್ ಕಂಟ್ರೋಲ್ ರಿಸರ್ಚ್ ಇನ್‌ಸ್ಟಿಟ್ಯೂಟ್, ದೊಡ್ಡ ಹರಿವುಗಳನ್ನು ಇದೇ ತೂಕಮಾಪನ ತತ್ವದಿಂದ ಅಳೆಯುತ್ತವೆ. ಅಂಥ ಕಡೆ ನೀರನ್ನು ನಿಲ್ಲಿಸದೆ, ಸಮನಾಗಿ ಹರಿಯುತ್ತಿರುವ ಧಾರೆಯನ್ನೇ ಗಡಿಯಾರದೊಡನೆ ತೊಟ್ಟಿಯ ಕಡೆ ತಿರುಗಿಸುವ ಸಾಧನ ಬಳಸುವ ರೂಢಿಯಿದೆ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸಾಕು: ಇದೇ ಪ್ರಯೋಗವನ್ನು 40 ಡಿಗ್ರಿಯ ನೀರಿನಲ್ಲಿ ಮಾಡಿ, ಒಂದು ಕಿಲೋ ಒಂದು ಲೀಟರು ಎಂದೇ ಹಿಡಿದರೆ, ಲೆಕ್ಕದ ತಪ್ಪು ಹೆಚ್ಚಾಗುವುದೋ ಕಡಿಮೆಯಾಗುವುದೋ? ಕಾರಣ ಕೊಟ್ಟು ಉತ್ತರಿಸಿದ ಮಗುವಿಗೆ ಸಾಂದ್ರತೆ ಅರ್ಥವಾಗಿದೆ ಎಂದು ತಿಳಿಯಬಹುದು.