ಜ್ವರವಿಲ್ಲದ ಬಿಸಿ

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಕಾವು ಏರಿ ಬೆವರು ಕಿತ್ತುಬರುತ್ತದಲ್ಲ, ಆಗ ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರ ಇರುವುದಿಲ್ಲ. ಆ ಹೊತ್ತಿನಲ್ಲಿ ದೇಹ ತನ್ನನ್ನು ತಾನೇ ತಣಿಸಿಕೊಳ್ಳುತ್ತಿರುತ್ತದೆ. ಒಳಗಿನ ಬಿಸಿರಕ್ತವನ್ನು ಚರ್ಮಕ್ಕೆ ಹರಿಸಿ, ಬೆವರು ಸುರಿಸಿ ಶಾಖವನ್ನು ಹೊರಹಾಕುತ್ತಿರುತ್ತದೆ. ನಮಗೆ ಸುಡುವಂತೆ ಅನಿಸುವುದು ಹೀಗೆ ಹೊರಟ ಶಾಖ.

ಈ ಕೆಲಸದ ಉಸ್ತುವಾರಿ ಮಿದುಳಿನ ತಳದಲ್ಲಿರುವ ಹೈಪೋಥಾಲಮಸ್‌ನದು. ಒಳಮೈಯ ಉಷ್ಣತೆ ಒಂದು ಗೆರೆ ದಾಟಿದರೆ ಅದು ಬೆವರಿಸುತ್ತದೆ, ಇನ್ನೊಂದು ಗೆರೆಗಿಂತ ಕೆಳಗಿಳಿದರೆ ನಡುಗಿಸುತ್ತದೆ. ಎರಡರ ನಡುವೆ ಏನೂ ಮಾಡದೆ ಸುಮ್ಮನಿರುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಾಬರ್ಟ್ ಫ್ರೀಡ್‌ಮನ್ ಎಂಬ ಸಂಶೋಧಕರು ಈ ನಡುವಿನ ಅಂತರವನ್ನು ಅಳೆದರು. ಮುಟ್ಟು ನಿಂತರೂ ಬಿಸಿಯ ತೊಂದರೆಯಿಲ್ಲದ ಹೆಂಗಸರಲ್ಲಿ ಅದು ಸುಮಾರು 0.4 ಡಿಗ್ರಿ ಸೆಲ್ಸಿಯಸ್ ಇತ್ತು. ತೊಂದರೆಯಿದ್ದವರಲ್ಲಿ ಹೆಚ್ಚುಕಡಿಮೆ ಸೊನ್ನೆ!

ಹಾಗಾಗಿ ರಾತ್ರಿ ದಪ್ಪ ಹೊದಿಕೆಯಡಿ ಮಲಗಿದವಳ ಒಳಮೈ ಕೂದಲೆಳೆಯಷ್ಟು ಬಿಸಿಯಾದರೂ ಮಿದುಳು ಗಾಬರಿಬಿದ್ದು ಪೂರ್ತಿ ತಣಿಸಾಟ ಶುರುಮಾಡುತ್ತದೆ. ಕೆಲವೇ ನಿಮಿಷಗಳಲ್ಲಿ ಶಾಖ ಬೇಕಾದ್ದಕ್ಕಿಂತ ಹೆಚ್ಚು ಸೋರಿಹೋಗುತ್ತದೆ. ಈಗ ಕೆಳಗಿನ ಗೆರೆಯ ಸರದಿ. ಒದ್ದೆ ನೈಟಿಯಲ್ಲೇ ಚಳಿ ಹತ್ತಿ, ಕಿತ್ತೆಸೆದ ಹೊದಿಕೆಯನ್ನೇ ಮತ್ತೆ ಎಳೆದುಕೊಳ್ಳುತ್ತಾಳೆ. ‘ಉಷ್ಣ’ವೆಂದು ಎಳನೀರು ಕುಡಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಗೆರೆ ಸರಿದಿರುವುದು ಹೊಟ್ಟೆಯಲ್ಲಲ್ಲ.

ಗೆರೆ ಸರಿಯುವುದಾದರೂ ಏಕೆ? ಹೈಪೋಥಾಲಮಸ್‌ನಲ್ಲಿ ನ್ಯೂರೋಕೈನಿನ್ ಬಿ ಎಂಬ ರಾಸಾಯನಿಕದ ಮೂಲಕ ಸಂದೇಶ ಕಳಿಸುವ ನರಕೋಶಗಳಿವೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಇವುಗಳಿಗೆ ಕಡಿವಾಣ. ಅರಿಝೋನಾದ ನವೋಮಿ ರಾನ್ಸ್ ಎಂಬ ವೈದ್ಯವಿಜ್ಞಾನಿ, ಮುಟ್ಟು ನಿಂತ ನಂತರ ತೀರಿಕೊಂಡ ಹೆಂಗಸರ ಮಿದುಳಿನಲ್ಲಿ ಈ ಕೋಶಗಳು ಊದಿಕೊಂಡಿದ್ದನ್ನು ಕಂಡರು. ಕಡಿವಾಣ ಕಳಚಿದ ಕೋಶಗಳು ಪಕ್ಕದ ಉಷ್ಣನಿಯಂತ್ರಣ ಕೇಂದ್ರವನ್ನು ಕೆಣಕುತ್ತವೆ. ಲಂಡನ್ನಿನಲ್ಲಿ ಮುಟ್ಟಾಗುತ್ತಿದ್ದ ಹೆಂಗಸರಿಗೇ ನ್ಯೂರೋಕೈನಿನ್ ಬಿ ಕೊಟ್ಟಾಗ ಅವರಿಗೂ ಮೈ ಬಿಸಿಯೇರಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಈಸ್ಟ್ರೋಜನ್ ಕಡಿಮೆ ಇದ್ದಮಾತ್ರಕ್ಕೆ ಹೀಗಾಗುವುದಿಲ್ಲ, ಇಲ್ಲವಾದರೆ ಮೈನೆರೆಯದ ಹುಡುಗಿಯರೆಲ್ಲ ಬೆವರಬೇಕಿತ್ತು. ಮಿದುಳು ಅದಕ್ಕೆ ಒಗ್ಗಿದ ಮೇಲೆ ಅದು ಇಳಿಯಬೇಕು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಕಾಟ ಜೋರಾಗಿರುವುದು ಆ ಇಳಿತ ದಿಢೀರನೆ ಆಗುವುದರಿಂದ.

ಈಸ್ಟ್ರೋಜನ್ ಮಾತ್ರೆ ಕಡಿವಾಣವನ್ನು ಮತ್ತೆ ತೊಡಿಸುತ್ತದೆ, ಆದರೆ ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ನ್ಯೂರೋಕೈನಿನ್ ಸಂದೇಶವನ್ನೇ ತಡೆಯುವ ಫೆಜೋಲಿನೆಟಂಟ್‌ಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಡುವುದರಿಂದ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಬೆವರಿನ ಜೊತೆಗೆ ನಿಜವಾಗಿಯೂ ಜ್ವರ ಬಂದರೆ, ತೂಕ ಇಳಿದರೆ, ಕೆಮ್ಮು ಬಿಡದಿದ್ದರೆ ವಯಸ್ಸಿನ ಮೇಲೆ ಹಾಕಿ ಕೂರದೆ ಕ್ಷಯ, ಥೈರಾಯ್ಡ್‌ಗಳ ಪರೀಕ್ಷೆ ಮಾಡಿಸಬೇಕು.