ತುಟಿ ಮೊದಲು, ಮಾತು ಆಮೇಲೆ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡು ಮತ್ತು ಮಾತೇ ಎಲ್ಲ. ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸುವವರು ಅರ್ಥಧಾರಿಗಳ ಮುಂದೆ ಪ್ರತ್ಯೇಕ ಆಡಿಯೊ ರೆಕಾರ್ಡರ್ ಇಡುವುದು ಒಳ್ಳೆಯದು. ಸಭೆಯ ಹಿಂದೆ ನಿಂತ ಮೊಬೈಲಿಗೆ ಅರ್ಥದ ಜೊತೆ ಫ್ಯಾನಿನ ಸದ್ದೂ ಅಷ್ಟೇ ಜೋರಾಗಿ ಕೇಳುತ್ತದೆ. ಆದರೆ ಆಮೇಲೆ ಒಂದು ಯಂತ್ರದ ಚಿತ್ರವನ್ನೂ ಇನ್ನೊಂದರ ಧ್ವನಿಯನ್ನೂ ಕೂಡಿಸಬೇಕು.

ಅದಕ್ಕೆ ಚಪ್ಪಾಳೆ. ಎರಡೂ ಯಂತ್ರಗಳು ಓಡತೊಡಗಿದ ಮೇಲೆ ಒಬ್ಬರು ರೆಕಾರ್ಡರ್ ಪಕ್ಕ ನಿಂತು, ಅಂಗೈಗಳು ಕ್ಯಾಮೆರಾಗೆ ಕಾಣುವಂತೆ ಒಮ್ಮೆ ಗಟ್ಟಿಯಾಗಿ ತಟ್ಟಬೇಕು. ಹಿಂದೆ ಮುಂದೆ ಎರಡು ಕ್ಷಣ ಮೌನವಿರಲಿ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಆ ಸದ್ದು ಮುಳ್ಳಿನಂತೆ ಎದ್ದು ಕಾಣುತ್ತದೆ. ಅಂಗೈಗಳು ಕೂಡಿದ ಮೊದಲ ಫ್ರೇಮ್ ಹುಡುಕಿ, ರೆಕಾರ್ಡರಿನ ಮುಳ್ಳನ್ನು ಅದರ ಕೆಳಗೆ ತಂದರೆ ಜೋಡಣೆ ಮುಗಿಯಿತು. ಮೊಬೈಲಿನ ಧ್ವನಿಗೇ ಹೊಂದಿಸಿದರೆ ಸಾಲದೇ ಎನ್ನಬಹುದು. ಹತ್ತು ಮೀಟರ್ ದೂರದ ಮೊಬೈಲಿಗೆ ಸದ್ದು ತಲುಪಲು ಸುಮಾರು 29 ಮಿಲಿಸೆಕೆಂಡ್ ಬೇಕು, ಅಂದರೆ ಹೆಚ್ಚುಕಡಿಮೆ ಒಂದು ಫ್ರೇಮ್. ಆದ್ದರಿಂದ ಕೈಗಳನ್ನೇ ನಂಬಬೇಕು.

ಇಷ್ಟಾದರೂ ಪ್ರಸಂಗ ಮುಂದುವರಿದಂತೆ ಅರ್ಥಧಾರಿಯ ತುಟಿ ಮೊದಲು ಆಡಿ, ಮಾತು ಆಮೇಲೆ ಬರತೊಡಗುವುದುಂಟು. ಹೆಚ್ಚಿನವರು ಧ್ವನಿಯನ್ನು ಎಳೆದು ಕುಗ್ಗಿಸಿ ಸರಿಮಾಡಲು ಹೊರಡುತ್ತಾರೆ. ತಪ್ಪು ಧ್ವನಿಯದಲ್ಲ.

ಮೊಬೈಲು ಸೆಕೆಂಡಿಗೆ 30 ಫ್ರೇಮ್ ಎಂದು ತೋರಿಸಿದರೂ ಸದಾ ಅಷ್ಟನ್ನೇ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಹೀರಲು ವೇಗ ಇಳಿಸುತ್ತದೆ. ಕರೆಂಟು ಹೋಗಿ ಹತ್ತು ಸೆಕೆಂಡ್ ಮಂದ ದೀಪವಷ್ಟೇ ಉರಿಯಿತು, ಆಗ ಮೊಬೈಲು ಸೆಕೆಂಡಿಗೆ 24 ಫ್ರೇಮ್ ತೆಗೆಯಿತು ಎನ್ನಿ. ಸಿಕ್ಕಿದ್ದು 240 ಫ್ರೇಮ್. ಯಾವ ಫ್ರೇಮ್ ಯಾವ ಕ್ಷಣದ್ದು ಎಂಬ ಲೆಕ್ಕ ಫೈಲಿನೊಳಗೇ ಇರುವುದರಿಂದ ವಿಡಿಯೊ ಪ್ಲೇಯರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರುಗಳು ಮಾತ್ರ ಆ ಲೆಕ್ಕವನ್ನು ಬಿಟ್ಟು, ಎಲ್ಲವನ್ನೂ 30ರ ವೇಗದಲ್ಲೇ ಓಡಿಸುತ್ತವೆ. 240 ಫ್ರೇಮ್ ಎಂಟೇ ಸೆಕೆಂಡಿಗೆ ಮುಗಿಯುತ್ತದೆ. ಅಲ್ಲಿಂದಾಚೆ ಚಿತ್ರ ಎರಡು ಸೆಕೆಂಡ್ ಮುಂದೆ. ದೀಪ ಮತ್ತೆ ಮಂಕಾದರೆ ಇನ್ನೂ ಮುಂದೆ. ಈ ಅಂತರ ಒಂದೇ ಸಮನಾಗಿ ಬೆಳೆಯುವುದಿಲ್ಲ. ಆದ್ದರಿಂದ ಇಡೀ ಧ್ವನಿಯನ್ನು ಕುಗ್ಗಿಸಿ ಕೊನೆಯನ್ನು ಕೂಡಿಸಿದರೂ ನಡುವಿನ ಭಾಗ ತಪ್ಪಿಯೇ ಇರುತ್ತದೆ.

ರೋಗ ಇದೇ ಎಂದು ಖಚಿತ ಮಾಡಿಕೊಳ್ಳಲು ಮೊಬೈಲಿನ ಸ್ವಂತ ಧ್ವನಿ ಬೇಕು, ಅದನ್ನು ಅಳಿಸಬೇಡಿ. ಎರಡೂ ಧ್ವನಿಗಳನ್ನು ಒಂದರ ಕೆಳಗೊಂದು ಇಟ್ಟು ಕೊನೆಯ ಚೆಂಡೆಪೆಟ್ಟು ನೋಡಿ. ಪೆಟ್ಟುಗಳು ಹೊಂದಿಕೊಂಡಿದ್ದು ಚಿತ್ರ ಮಾತ್ರ ಓಡಿಹೋಗಿದ್ದರೆ, ಕಾರಣ ಫ್ರೇಮ್ ವೇಗದ ಏರಿಳಿತ. MediaInfo ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದರೆ Frame rate mode ಎದುರು Variable ಎಂದೂ ಇರುತ್ತದೆ.

ಮದ್ದು ಸರಳ. ಎಡಿಟಿಂಗಿಗೆ ಕೂರುವ ಮೊದಲೇ ಚಿತ್ರವನ್ನು ಸ್ಥಿರ ವೇಗಕ್ಕೆ ಪರಿವರ್ತಿಸಬೇಕು. HandBrake ಬಳಸುವವರು Video ಪುಟದಲ್ಲಿ 30 ಆರಿಸಿ, Constant Framerate ಗುರುತು ಹಾಕಿದರೆ ಸಾಕು. ffmpeg ಬಲ್ಲವರಿಗೆ ಒಂದೇ ಸಾಲು:

```
ffmpeg -i in.mp4 -vf fps=30 -c:v libx264 -crf 18 -c:a copy out.mp4
```

ಇದು ಫೈಲಿನೊಳಗಿನ ಕಾಲದ ಲೆಕ್ಕ ಓದಿ, ಕೊರತೆಯಿರುವಲ್ಲಿ ಹಿಂದಿನ ಫ್ರೇಮನ್ನೇ ಮತ್ತೊಮ್ಮೆ ಹಾಕುತ್ತದೆ. ಆ ಹತ್ತು ಸೆಕೆಂಡಿಗೆ 60 ಫ್ರೇಮ್ ಸೇರಿ 300 ಆಗುತ್ತದೆ. ಕಳೆದುಹೋದ ಚಲನೆ ಮರಳುವುದಿಲ್ಲ, ಕೈ ಬೀಸಿದಲ್ಲಿ ತುಸು ತಡವರಿಕೆ ಕಾಣಬಹುದು. ಆದರೆ ತುಟಿಗೆ ಮಾತು ಕೂಡುತ್ತದೆ. ಮರು ಎನ್‌ಕೋಡಿಂಗಿನಲ್ಲಿ ಗುಣಮಟ್ಟ ಸ್ವಲ್ಪ ತಗ್ಗುವುದರಿಂದ ಮೂಲ ಫೈಲನ್ನು ಉಳಿಸಿಕೊಳ್ಳಬೇಕು. ಈಗ ಹೊಸ ಫೈಲಿಗೆ ಚಪ್ಪಾಳೆಯನ್ನು ಮತ್ತೆ ಹೊಂದಿಸಿ.

ಇದಾದ ಮೇಲೂ ಒಂದು ಸಣ್ಣ ವ್ಯತ್ಯಾಸ ಉಳಿಯಬಹುದು. ಎರಡು ಯಂತ್ರಗಳೊಳಗಿನ ಗಡಿಯಾರಗಳು ತದ್ವತ್ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷದಲ್ಲಿ 20 ಭಾಗ ತಪ್ಪಿದರೂ ಗಂಟೆಗೆ 72 ಮಿಲಿಸೆಕೆಂಡ್, ಅಂದರೆ ಎರಡು ಫ್ರೇಮಿಗಿಂತ ತುಸು ಹೆಚ್ಚು. ಈ ತಪ್ಪು ಹೊತ್ತು ಹೋದಂತೆ ಸಮನಾಗಿ ಬೆಳೆಯುತ್ತದೆ. ಎರಡು ಧ್ವನಿಗಳ ಚೆಂಡೆಪೆಟ್ಟುಗಳೇ ಬೇರೆಯಾಗುವುದರಿಂದ ಗುರುತೂ ಸಿಗುತ್ತದೆ. ಇಲ್ಲಿ ಧ್ವನಿಯನ್ನು ಮುಟ್ಟಬಹುದು. ಭಾಗವತರ ಪದ ಮುಗಿದು ಅರ್ಥ ಶುರುವಾಗುವ ಮೌನದಲ್ಲಿ ಕತ್ತರಿಸಿ ಎರಡು ಫ್ರೇಮ್ ಸರಿಸಿದರೆ ಯಾರಿಗೂ ತಿಳಿಯದು. ಎಷ್ಟು ಸರಿಸಬೇಕೆಂದು ಅಳೆಯಲು ಕೊನೆಯಲ್ಲೂ ಒಂದು ಗುರುತು ಬೇಕು. ಹಾಗಾಗಿ ಮಂಗಳ ಹಾಡಿ ಎಲ್ಲರೂ ಏಳುವ ಮುನ್ನ, ಯಂತ್ರಗಳನ್ನು ನಿಲ್ಲಿಸದೆ, ಮತ್ತೊಂದು ಚಪ್ಪಾಳೆ ತಟ್ಟಿಬಿಡಿ.